ಕ್ರಿಯೇಟಿನ್ ಬಿಟ್ಟರೆ ಮಸಲ್ ಕೊಬ್ಬಾಗುತ್ತಾ, ಮೈ ಇಳಿದು ಹೋಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ಸಿಂಧನೂರು, ಗಂಗಾವತಿ, ರಾಯಚೂರು ಕಡೆಯ ಜಿಮ್‌ಗಳಲ್ಲಿ ಕ್ರಿಯೇಟಿನ್ ಪುಡಿಯ ಡಬ್ಬಿ ತೆರೆಯುವ ಮೊದಲೇ ಅದನ್ನು ಬಿಡುವ ದಿನದ ಭಯ ಶುರುವಾಗಿರುತ್ತದೆ. ಮಾತಿನಲ್ಲಿ, ಪತ್ರಗಳಲ್ಲಿ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

## ಮೊದಲು ಗೊತ್ತಿರಬೇಕಾದದ್ದು

ಅಣ್ಣಾ, ಕ್ರಿಯೇಟಿನ್ ಬಿಟ್ರೆ ಇದ್ದ ಮಸಲ್ ಎಲ್ಲಾ ಕೊಬ್ಬು ಆಗುತ್ತಂತೆ. ಖರೇನಾ?

ಅಲ್ಲ. ಸ್ನಾಯುವಿನ ಜೀವಕೋಶ ಬೇರೆ, ಕೊಬ್ಬಿನ ಜೀವಕೋಶ ಬೇರೆ. ಸ್ನಾಯುವಿನದು ಪ್ರೋಟೀನ್ ಎಳೆಗಳು ತುಂಬಿದ ಉದ್ದನೆಯ ಕೋಶ. ಕೊಬ್ಬಿನದು ಎಣ್ಣೆ ಹನಿ ತುಂಬಿಕೊಂಡ ದುಂಡನೆಯ ಕೋಶ. ಕೆಲಸ ಕಡಿಮೆಯಾದರೆ ಸ್ನಾಯುವಿನ ಕೋಶ ಸಣ್ಣದಾಗುತ್ತದೆ. ತಿಂದದ್ದು ಖರ್ಚಾಗದೆ ಉಳಿದರೆ ಕೊಬ್ಬಿನ ಕೋಶ ದೊಡ್ಡದಾಗುತ್ತದೆ. ಎರಡೂ ಒಂದೇ ಹೊತ್ತಿಗೆ ನಡೆಯಬಹುದು. ಹಾಗೆ ನಡೆದಾಗ ಹೊರಗಿನಿಂದ ನೋಡುವವರಿಗೆ ಒಂದು ಇನ್ನೊಂದಾಗಿ ಬದಲಾದಂತೆ ಕಾಣುತ್ತದೆ. ಗೊಂದಲ ಶುರುವಾಗುವುದೇ ಅಲ್ಲಿ. ಇದರ ಪೂರ್ತಿ ಲೆಕ್ಕ ಮುಂದೆ ಇದೆ.

ಈ ಪುಡಿ ನಿಜಕ್ಕೂ ಏನು? ಸ್ಟೆರಾಯ್ಡ್ ಜಾತಿಯದೇ ಅಲ್ವಾ?

ಅಲ್ಲ. ಕ್ರಿಯೇಟಿನ್ ನಿಮ್ಮ ಮೈಯಲ್ಲಿ ಈಗಲೂ ಇದೆ, ಪುಡಿ ಮುಟ್ಟದವರ ಮೈಯಲ್ಲೂ ಇದೆ. ಮೂತ್ರಪಿಂಡ ಮತ್ತು ಯಕೃತ್ತು ಸೇರಿ ಮೂರು ಅಮೈನೋ ಆಮ್ಲಗಳಿಂದ ದಿನಕ್ಕೆ ಸುಮಾರು 1 ಗ್ರಾಂ ತಯಾರಿಸುತ್ತವೆ. ಮಾಂಸ, ಮೀನು ತಿನ್ನುವವರಿಗೆ ಊಟದಿಂದಲೂ ಒಂದಿಷ್ಟು ಸಿಗುತ್ತದೆ. 70 ಕೆಜಿ ತೂಕದವರ ಮೈಯಲ್ಲಿ ಒಟ್ಟು ಸುಮಾರು 120 ಗ್ರಾಂ ಇರುತ್ತದೆ, ಅದರಲ್ಲಿ ನೂರಕ್ಕೆ 95 ಭಾಗ ಸ್ನಾಯುಗಳಲ್ಲೇ.

ಅದರ ಕೆಲಸ ಇಷ್ಟೇ. ಭಾರ ಎತ್ತುವಾಗ ಸ್ನಾಯು ಎಟಿಪಿ ಎಂಬ ಇಂಧನ ಸುಡುತ್ತದೆ. ಮೊದಲ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಆ ಇಂಧನವನ್ನು ಬೇಗ ಮತ್ತೆ ತುಂಬಿಸಿಕೊಡುವುದು ಸ್ನಾಯುವಿನಲ್ಲಿ ಕೂತ ಕ್ರಿಯೇಟಿನ್ ಫಾಸ್ಫೇಟ್. ದಾಸ್ತಾನು ಜಾಸ್ತಿ ಇದ್ದರೆ ಸೆಟ್ಟಿನ ಕೊನೆಯಲ್ಲಿ ಒಂದೆರಡು ರೆಪ್ಸ್ ಹೆಚ್ಚು ಬರುತ್ತವೆ. ಸ್ಟೆರಾಯ್ಡ್ ಹಾರ್ಮೋನು. ಅದು ಸ್ನಾಯು ಕಟ್ಟು ಎಂದು ಕೋಶಕ್ಕೆ ನೇರವಾಗಿ ಆಜ್ಞೆ ಕೊಡುತ್ತದೆ. ಕ್ರಿಯೇಟಿನ್ ಆಜ್ಞೆ ಕೊಡುವುದಿಲ್ಲ, ನೀವು ಮಾಡುವ ಕೆಲಸಕ್ಕೆ ಸ್ವಲ್ಪ ಇಂಧನ ಸೇರಿಸುತ್ತದೆ. ಕಟ್ಟುವುದು ಭಾರ, ಊಟ, ನಿದ್ದೆ.

ಪುಡಿ ಬಿಟ್ಟೆ, ಜಿಮ್ ಬಿಡಲಿಲ್ಲ. ಆದ್ರೂ ತಿಂಗಳೊಳಗೆ ಒಂದು ಕೆಜಿ ಇಳೀತು. ಅದು ಮಸಲ್ ಅಲ್ದೆ ಇನ್ನೇನು?

ನೀರು. ಶುರು ಮಾಡಿದಾಗ ಏರಿದ ತೂಕವನ್ನು ನೆನಪು ಮಾಡಿಕೊಳ್ಳಿ. ಮೊದಲ ವಾರಗಳಲ್ಲಿ ಒಂದರಿಂದ ಎರಡು ಕೆಜಿ ಏರಿತ್ತು, ಅಲ್ವಾ? ಅಷ್ಟು ಬೇಗ ಯಾರಿಗೂ ಸ್ನಾಯು ಬೆಳೆಯುವುದಿಲ್ಲ. ಕ್ರಿಯೇಟಿನ್ ಸ್ನಾಯುಕೋಶದ ಒಳಗೆ ಹೋಗುವಾಗ ಜೊತೆಗೆ ನೀರನ್ನು ಎಳೆದುಕೊಳ್ಳುತ್ತದೆ.

ಪುಡಿ ತಗೊಂಡರೆ ಸ್ನಾಯುವಿನ ದಾಸ್ತಾನು ಸಾಮಾನ್ಯವಾಗಿ ನೂರಕ್ಕೆ 20 ಭಾಗದಷ್ಟು ಏರುತ್ತದೆ. 120 ಗ್ರಾಮಿನ 20 ಭಾಗ ಎಂದರೆ 24 ಗ್ರಾಂ. ಒಂದು ಹಿಡಿ ಶೇಂಗಾದಷ್ಟೂ ತೂಕವಿಲ್ಲ. ಆದರೆ ತಕ್ಕಡಿ ಒಂದು ಕೆಜಿಗಿಂತ ಹೆಚ್ಚು ತೋರಿಸುತ್ತದೆ. ಉಳಿದದ್ದೆಲ್ಲ ಹೆಚ್ಚುಕಡಿಮೆ ನೀರೇ. ಬಿಟ್ಟಾಗ ಆ 24 ಗ್ರಾಂ ನಿಧಾನವಾಗಿ ಖಾಲಿಯಾಗುತ್ತದೆ, ಹಿಡಿದುಕೊಂಡಿದ್ದ ನೀರೂ ಹೊರಡುತ್ತದೆ. ಬಂದ ದಾರಿಯಲ್ಲೇ ಹೋಯಿತು. ನೀವು ಭಾರ ಎತ್ತಿ ಕಟ್ಟಿದ ಪ್ರೋಟೀನ್ ಎಳೆಗಳು ಅದರ ಜೊತೆ ಹೋಗುವುದಿಲ್ಲ.

ಎಷ್ಟು ದಿನಕ್ಕೆ ಮೈಯಿಂದ ಪೂರಾ ಹೋಗುತ್ತೆ?

ಪೂರಾ ಯಾವತ್ತೂ ಹೋಗುವುದಿಲ್ಲ, ನಿಮ್ಮ ಮೈ ಅದನ್ನು ತಯಾರಿಸುತ್ತಲೇ ಇರುತ್ತದೆ. ಪುಡಿಯಿಂದ ಏರಿದ ಹೆಚ್ಚುವರಿ ಭಾಗ ಇಳಿದು ಮೊದಲಿನ ಮಟ್ಟಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು. ದಾಸ್ತಾನಿನಲ್ಲಿ ದಿನಕ್ಕೆ ನೂರಕ್ಕೆ ಎರಡು ಭಾಗಕ್ಕಿಂತ ಸ್ವಲ್ಪ ಕಡಿಮೆ, ಕ್ರಿಯಾಟಿನಿನ್ ಎಂಬ ಕಸವಾಗಿ ಮೂತ್ರದಲ್ಲಿ ಹೋಗುತ್ತದೆ. ಅದಕ್ಕೇ ಒಂದೆರಡು ದಿನ ಮರೆತರೆ ಏನೂ ಗೊತ್ತಾಗುವುದಿಲ್ಲ. ಊರಿಗೆ ಹೋಗುವಾಗ ಡಬ್ಬಿ ಮರೆತೆ ಎಂದು ಬಸ್ಸಿನಲ್ಲೇ ಕೈ ಸಣ್ಣಗಾದಂತೆ ಅನ್ನಿಸುವುದು ಬರೀ ಮನಸ್ಸಿನ ಆಟ.

## ಕಣ್ಣಿಗೆ ಕಾಣುವುದು, ತಕ್ಕಡಿ ಹೇಳುವುದು

ನಮ್ಮ ಜಿಮ್ಮಿನ ಒಬ್ಬ ಹುಡುಗ ಬಿಟ್ಟ ಎರಡೇ ತಿಂಗಳಿಗೆ ತೋಳು ಸಣ್ಣ, ಹೊಟ್ಟೆ ದಪ್ಪ. ತೂಕ ಮಾತ್ರ ಅಷ್ಟೇ ಇದೆ. ಮಸಲ್ಲೇ ಕೊಬ್ಬಾಗಿದೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇದು ಒಳ್ಳೆಯ ಪ್ರಶ್ನೆ, ಯಾಕೆಂದರೆ ನೋಡಿದ್ದು ಸುಳ್ಳಲ್ಲ. ಲೆಕ್ಕ ಹಾಕಿ ನೋಡೋಣ.

ತೋರಣಗಲ್ಲಿನ ಕಾರ್ಖಾನೆಗೆ ಶಿಫ್ಟಿನಲ್ಲಿ ಹೋಗುವ 24 ವರ್ಷದ ಹುಡುಗ ಅಂದುಕೊಳ್ಳಿ. ತೂಕ 72 ಕೆಜಿ. ವಾರಕ್ಕೆ ಐದು ದಿನ ಬಳ್ಳಾರಿಯಲ್ಲಿ ಜಿಮ್, ದಿನಾ 5 ಗ್ರಾಂ ಕ್ರಿಯೇಟಿನ್. ಅಕ್ಕನ ಮದುವೆ ಬಂತು. ಓಡಾಟ, ನೆಂಟರು, ಖರ್ಚು. ಜಿಮ್ಮೂ ನಿಂತಿತು, ಪುಡಿಯೂ ನಿಂತಿತು, ಒಂದೇ ದಿನ. ಊಟ ಮಾತ್ರ ನಿಲ್ಲಲಿಲ್ಲ. ಜಿಮ್ಮಿಗೆಂದು ರೂಢಿಯಾಗಿದ್ದ ದೊಡ್ಡ ಊಟ ಹಾಗೇ ಉಳಿಯಿತು. ಮೇಲೆ, ಜಿಮ್ಮಿಗೆ ಹೋಗುತ್ತಿದ್ದ ಸಂಜೆ ಹೊತ್ತಿಗೆ ಈಗ ಗೆಳೆಯರ ಜೊತೆ ಒಗ್ಗರಣೆ, ಮಿರ್ಚಿ.

ಜಿಮ್ಮಿನಲ್ಲಿ ಒಂದು ದಿನಕ್ಕೆ ಸುಮಾರು 210 ಕ್ಯಾಲೊರಿ ಹೆಚ್ಚಿಗೆ ಖರ್ಚಾಗುತ್ತಿತ್ತು ಎನ್ನೋಣ. ಐದು ದಿನಕ್ಕೆ 1050, ಏಳು ದಿನಕ್ಕೆ ಹಂಚಿದರೆ ದಿನಕ್ಕೆ 150. ಆ ಖರ್ಚು ನಿಂತಿತು. ಸಂಜೆ ತಿಂಡಿಯಿಂದ ದಿನಕ್ಕೆ 200 ಸೇರಿತು. ಒಟ್ಟು ದಿನಕ್ಕೆ 350 ಉಳಿತಾಯ. ಎಂಟು ವಾರ, ಅಂದರೆ 56 ದಿನಕ್ಕೆ 19,600 ಕ್ಯಾಲೊರಿ. ಮೈಯಲ್ಲಿ ಒಂದು ಕೆಜಿ ಕೊಬ್ಬು ಕೂಡಲು ಸುಮಾರು 7700 ಬೇಕು. ಹಾಗಾಗಿ ಎರಡೂವರೆ ಕೆಜಿ ಕೊಬ್ಬು ಸೇರಿತು.

ಇತ್ತ ಕ್ರಿಯೇಟಿನ್ ಹೋದದ್ದರಿಂದ 1.2 ಕೆಜಿ ನೀರು ಹೋಯಿತು. ಎಂಟು ವಾರ ಭಾರವನ್ನೇ ಮುಟ್ಟದ್ದರಿಂದ ನಿಜವಾದ ಸ್ನಾಯುವೂ ಒಂದಿಷ್ಟು ಸವೆಯಿತು. 600 ಗ್ರಾಂ ಎಂದು ಇಟ್ಟುಕೊಳ್ಳಿ.

ಈಗ ಕೂಡಿ ಕಳೆಯಿರಿ. 72ಕ್ಕೆ ಎರಡೂವರೆ ಸೇರಿಸಿ, 1.2 ತೆಗೆಯಿರಿ, 0.6 ತೆಗೆಯಿರಿ. ಉಳಿದದ್ದು 72.7 ಕೆಜಿ.

ತಕ್ಕಡಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ತೋಳಿನಿಂದ ನೀರೂ ಸ್ನಾಯುವೂ ಹೋಗಿವೆ, ಹೊಟ್ಟೆಗೆ ಕೊಬ್ಬು ಬಂದಿದೆ, ತೂಕ ಮಾತ್ರ ಇದ್ದಲ್ಲೇ ಇದೆ. ನೋಡುವವರು "ಅದೇ ತೂಕ, ಜಾಗ ಬದಲಾಯಿತು" ಎನ್ನುತ್ತಾರೆ. ನಡೆದದ್ದು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಬದಲಾವಣೆ. ಅದರಲ್ಲಿ ಪುಡಿಯ ಪಾಲು ನೀರು ಮಾತ್ರ. ಸ್ನಾಯು ಸವೆದದ್ದು ಜಿಮ್ ಬಿಟ್ಟದ್ದಕ್ಕೆ, ಕೊಬ್ಬು ಬಂದದ್ದು ಊಟ ಬಿಡದ್ದಕ್ಕೆ. ಅವನು ಕ್ರಿಯೇಟಿನ್ ಯಾವತ್ತೂ ಮುಟ್ಟದೇ ಇದ್ದಿದ್ದರೂ ಹೊಟ್ಟೆ ಇಷ್ಟೇ ಬರುತ್ತಿತ್ತು.

ಅದೇ ಹುಡುಗನ ಜೊತೆಗಾರನನ್ನೂ ನೋಡಿ. ಅವನದೂ 72 ಕೆಜಿ. ಡಬ್ಬಿ ಖಾಲಿಯಾಯಿತು, ಹೊಸದು ತರಲಿಲ್ಲ. ಜಿಮ್ಮೂ ಊಟವೂ ಹಾಗೇ ನಡೆದವು. ಆರು ವಾರಕ್ಕೆ ಅವನು 70.8 ಕೆಜಿ ತೂಗುತ್ತಾನೆ, ಸೊಂಟದ ಅಳತೆ ಬದಲಾಗಿಲ್ಲ. ಪುಡಿ ಇಬ್ಬರೂ ಬಿಟ್ಟರು, ಹೊಟ್ಟೆ ಬಂದದ್ದು ಒಬ್ಬನಿಗೆ ಮಾತ್ರ. ಈ ಎರಡನೇ ಹುಡುಗನ ಕಥೆ ಯಾರೂ ಹೇಳುವುದಿಲ್ಲ, ಯಾಕೆಂದರೆ ಹೇಳುವಂಥದ್ದು ಅಲ್ಲಿ ಏನೂ ಆಗಿಲ್ಲ.

ಸರ್, ನಾನು ಜಿಮ್ ಬಿಟ್ಟಿಲ್ಲ. ಆದ್ರೂ ಜಿಮ್ಮಿನ ಮಷಿನ್ ಮೇಲೆ ನಿಂತ್ರೆ ಫ್ಯಾಟ್ ಪರ್ಸೆಂಟ್ ಜಾಸ್ತಿ ತೋರಿಸ್ತು. ಮಷಿನ್ ಸುಳ್ಳು ಹೇಳುತ್ತಾ?

ಸುಳ್ಳು ಹೇಳುವುದಿಲ್ಲ, ತಪ್ಪು ಊಹೆ ಮಾಡುತ್ತದೆ. ಆ ಮಷಿನ್ ಕೊಬ್ಬನ್ನು ಅಳೆಯುವುದೇ ಇಲ್ಲ. ಪಾದದಿಂದ ಸಣ್ಣ ಕರೆಂಟು ಹರಿಸಿ, ಅದಕ್ಕೆ ಎಷ್ಟು ತಡೆ ಬಂತು ಎಂದು ನೋಡುತ್ತದೆ. ನೀರಿನಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ಹರಿಯುವುದಿಲ್ಲ. ಮೈಯಲ್ಲಿ ಇಷ್ಟು ನೀರಿದೆ ಎಂದು ಅಂದಾಜು ಮಾಡಿ, ಕೊಬ್ಬಿಲ್ಲದ ಭಾಗದಲ್ಲಿ ಯಾವಾಗಲೂ 73 ಭಾಗ ನೀರೇ ಇರುತ್ತದೆ ಎಂದು ನಂಬಿ, ಉಳಿದದ್ದನ್ನೆಲ್ಲ ಕೊಬ್ಬು ಎಂದು ಬರೆಯುತ್ತದೆ.

ಮೇಲಿನ ಎರಡನೇ ಹುಡುಗನನ್ನೇ ನಿಲ್ಲಿಸೋಣ. ಮೊದಲು 72 ಕೆಜಿಯಲ್ಲಿ 11.5 ಕೆಜಿ ಕೊಬ್ಬು, ಅಂದರೆ 16 ಪರ್ಸೆಂಟ್. ಕೊಬ್ಬಿಲ್ಲದ ಭಾಗ 60.5 ಕೆಜಿ. ಈಗ 1.2 ಕೆಜಿ ನೀರು ಹೋಗಿದೆ, ಕೊಬ್ಬು ಒಂದು ಗ್ರಾಮೂ ಏರಿಲ್ಲ. 11.5 ಅನ್ನು 70.8ರಿಂದ ಭಾಗಿಸಿದರೆ 16.2 ಪರ್ಸೆಂಟ್. ಒಟ್ಟು ತೂಕ ಇಳಿದದ್ದಕ್ಕೇ ಪರ್ಸೆಂಟ್ ಅಷ್ಟು ಏರಿತು.

ಮಷಿನ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. 1.2 ಕೆಜಿ ನೀರು ಕಡಿಮೆ ಕಂಡರೆ, ಅದನ್ನು 0.73ರಿಂದ ಭಾಗಿಸಿ 1.64 ಕೆಜಿ ಸ್ನಾಯುವೇ ಹೋಯಿತು ಎನ್ನುತ್ತದೆ. ತೂಕ ಇಳಿದದ್ದು ಮಾತ್ರ 1.2. ಕೊರತೆ ಬಿದ್ದ 0.44 ಕೆಜಿಯನ್ನು ಎಲ್ಲಿಗಾದರೂ ಸೇರಿಸಬೇಕಲ್ಲ, ಕೊಬ್ಬಿನ ಖಾತೆಗೆ ಸೇರಿಸುತ್ತದೆ. ಪರದೆಯ ಮೇಲೆ 16.9 ಬರುತ್ತದೆ. ಸ್ನಾಯು ಇಳಿಯಿತು, ಕೊಬ್ಬು ಏರಿತು ಎಂದು ಪ್ರಿಂಟ್ ಹಾಕಿ ಕೈಗೆ ಕೊಡುತ್ತದೆ. ಅದನ್ನು ಗೆಳೆಯರ ಗ್ರೂಪಿಗೆ ಹಾಕಿದರೆ ಮುಗಿಯಿತು, ಊರೆಲ್ಲ ಸುದ್ದಿ. ಬೇರೆ ಬೇರೆ ಮಷಿನ್‌ಗಳ ಒಳಲೆಕ್ಕ ಬೇರೆ ಇರುತ್ತದೆ, ಹಾಗಾಗಿ ಅಂಕಿ ಇಷ್ಟೇ ಬರಬೇಕೆಂದಿಲ್ಲ. ತಪ್ಪು ವಾಲುವ ದಿಕ್ಕು ಮಾತ್ರ ಇದೇ.

ನಮ್ಮ ಕಡೆ ಮೇ ತಿಂಗಳ ಬಿಸಿಲಲ್ಲಿ ಬೆವರು ಸುರಿಸಿ ಬಂದು, ನೀರೂ ಕುಡಿಯದೆ ಮಷಿನ್ ಹತ್ತಿದರೆ ಅಂಕಿ ಇನ್ನಷ್ಟು ಕೆಡುತ್ತದೆ. ಮಧ್ಯಾಹ್ನದ ರಾಯಚೂರಿನಲ್ಲಿ ತೆಗೆದ ಆ ಚೀಟಿಯನ್ನು ನಾನಂತೂ ನಂಬುವುದಿಲ್ಲ.

ಹಂಗಾದ್ರೆ ಹೋಗಿದ್ದು ನೀರೋ ಮಸಲ್ಲೋ ಅಂತ ಮನೇಲೇ ಹೆಂಗೆ ಗೊತ್ತು ಮಾಡ್ಕೋಬೇಕು?

ದರ್ಜಿಯ ಟೇಪು, ಒಂದು ತಕ್ಕಡಿ, ನಿಮ್ಮ ಜಿಮ್ ನೋಟ್‌ಬುಕ್ಕು ಇಷ್ಟು ಸಾಕು. ಬಿಡುವ ಮೊದಲೇ ಒಂದು ಸಲ ಅಳೆದಿಟ್ಟುಕೊಳ್ಳಿ, ಆಮೇಲೆ ಎರಡು ವಾರಕ್ಕೊಮ್ಮೆ. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನದೆ ತೂಕ ನೋಡಿ. ಒಂದೇ ದಿನದ ತೂಕ ನಂಬಬೇಡಿ, ಮೂರು ದಿನದ ಸರಾಸರಿ ತೆಗೆಯಿರಿ. ಸೊಂಟವನ್ನು ಹೊಕ್ಕಳ ಮಟ್ಟದಲ್ಲಿ, ಉಸಿರು ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ ಅಳೆಯಿರಿ. ತೋಳನ್ನು ವ್ಯಾಯಾಮದ ಮೊದಲು ಅಳೆಯಿರಿ. ವ್ಯಾಯಾಮ ಆದ ಮೇಲೆ ರಕ್ತ ತುಂಬಿ ಉಬ್ಬಿದ ಪಂಪ್ ಇರುತ್ತದೆ, ಆ ಅಳತೆ ಲೆಕ್ಕಕ್ಕಿಲ್ಲ.

ತೂಕ ಮೊದಲ ನಾಲ್ಕಾರು ವಾರದಲ್ಲಿ ಒಂದೆರಡು ಕೆಜಿ ಇಳಿದು ಅಲ್ಲೇ ನಿಂತರೆ, ಸೊಂಟ ಹಾಗೇ ಇದ್ದರೆ, ಎತ್ತುವ ಭಾರ ಹೆಚ್ಚುಕಡಿಮೆ ಅಷ್ಟೇ ಇದ್ದರೆ ಅದು ನೀರು. ಆರು ವಾರ ಕಳೆದ ಮೇಲೂ ತೂಕ ಇಳಿಯುತ್ತಲೇ ಇದ್ದು, ಭಾರವೂ ತಿಂಗಳಿಂದ ತಿಂಗಳಿಗೆ ಕುಸಿದರೆ ಸ್ನಾಯು ಹೋಗುತ್ತಿದೆ. ಆಗ ಊಟ, ನಿದ್ದೆ, ತಾಲೀಮು ನೋಡಬೇಕು, ಡಬ್ಬಿಯನ್ನಲ್ಲ. ಸೊಂಟ ಏರುತ್ತಿದ್ದರೆ ಅದು ಕೊಬ್ಬು, ಅದಕ್ಕೆ ಕಾರಣ ತಟ್ಟೆಯಲ್ಲಿದೆ.

ಬಿಟ್ಟ ಮೇಲೆ ಬೆಂಚ್ ಪ್ರೆಸ್ಸಲ್ಲಿ ಒಂದೆರಡು ರೆಪ್ಸ್ ಬರ್ತಿಲ್ಲ. ಶಕ್ತಿ ಹೋಯ್ತಲ್ಲ?

60 ಕೆಜಿಗೆ 10 ರೆಪ್ಸ್ ಬರುತ್ತಿದ್ದದ್ದು 9 ಅಥವಾ 8 ಆಗಬಹುದು. ಅದು ನಿಜ. ಪುಡಿ ಕೊಡುತ್ತಿದ್ದದ್ದೇ ಆ ಕೊನೆಯ ರೆಪ್ಸ್, ಪುಡಿ ಹೋದರೆ ಅವೂ ಹೋಗುತ್ತವೆ. ಆದರೆ ಪುಡಿ ಶುರು ಮಾಡುವ ಮೊದಲು ನೀವು ಎಷ್ಟು ಎತ್ತುತ್ತಿದ್ದಿರಿ ಎಂದು ಹಳೇ ಪುಟ ತಿರುಗಿಸಿ ನೋಡಿ. 45 ಕೆಜಿ ಇದ್ದಿರಬಹುದು. ಅಲ್ಲಿಂದ ಇಲ್ಲಿಗೆ ಬಂದದ್ದು ತಿಂಗಳುಗಟ್ಟಲೆ ಮಾಡಿದ ತಾಲೀಮಿನಿಂದ. ಅದು ಉಳಿದಿದೆ.

## ಊಟ, ಹಬ್ಬ, ಕೆಲಸ

ಶ್ರಾವಣದಲ್ಲಿ ಮಾಂಸ ಬಿಡ್ತೀವಿ. ಪುಡೀನೂ ಬಿಡಬೇಕಾ? ಎರಡೂ ಬಿಟ್ರೆ ಪೂರಾ ಇಳಿದು ಹೋಗ್ತೀವಾ?

ಪುಡಿಯನ್ನು ಮಾಂಸದಿಂದ ತೆಗೆಯುವುದಿಲ್ಲ. ಕಾರ್ಖಾನೆಯಲ್ಲಿ ರಾಸಾಯನಿಕಗಳಿಂದ ತಯಾರಾಗುತ್ತದೆ. ಕ್ಯಾಪ್ಸೂಲಾದರೆ ಹೊರಗಿನ ಕವಚ ಜೆಲಾಟಿನ್ ಇರಬಹುದು, ಡಬ್ಬಿಯ ಮೇಲಿನ ಹಸಿರು ಚುಕ್ಕಿ ನೋಡಿಕೊಳ್ಳಿ. ವ್ರತದ ವಿಚಾರ ನಿಮ್ಮ ಮನೆಯ ಹಿರಿಯರಿಗೆ ಬಿಟ್ಟದ್ದು.

ಎರಡೂ ಬಿಟ್ಟರೆ ದಾಸ್ತಾನು ಇನ್ನಷ್ಟು ಕೆಳಗೆ ಬರುತ್ತದೆ. ಒಂದು ಕೆಜಿ ಹಸಿ ಮಾಂಸದಲ್ಲೋ ಮೀನಿನಲ್ಲೋ ಸುಮಾರು 4 ಗ್ರಾಂ ಕ್ರಿಯೇಟಿನ್ ಇರುತ್ತದೆ, ರೊಟ್ಟಿ ಕಾಳು ಪಲ್ಯದಲ್ಲಿ ಇಲ್ಲವೆನ್ನಬಹುದು. ಹಾಗಾಗಿ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ದಾಸ್ತಾನು ಮೊದಲಿನಿಂದಲೂ ಕಡಿಮೆ. ಅದೇ ಕಾರಣಕ್ಕೆ ಪುಡಿ ಶುರು ಮಾಡಿದಾಗ ಅವರಿಗೆ ಹೆಚ್ಚು ಏರುತ್ತದೆ, ಬಿಟ್ಟಾಗ ಇಳಿತವೂ ಹೆಚ್ಚು ಕಾಣುತ್ತದೆ. ಆದರೆ ಹುಟ್ಟಿನಿಂದ ಮಾಂಸ ಮುಟ್ಟದ ಲಕ್ಷಾಂತರ ಜನರ ಸ್ನಾಯು ಕರಗಿ ಹೋಗಿಲ್ಲ ಅಲ್ವಾ? ಶ್ರಾವಣದಲ್ಲಿ ನಿಜವಾಗಿ ಕಡಿಮೆ ಬೀಳುವುದು ಪ್ರೋಟೀನು. ಮೊಟ್ಟೆ, ಕೋಳಿ ಹೋದ ಜಾಗಕ್ಕೆ ಮೊಸರು, ಪನೀರು, ಹೆಸರುಕಾಳು, ಶೇಂಗಾ, ಸೋಯಾ ಬರಬೇಕು. ಸುಮ್ನೆ ಅನ್ನ ಸಾರಿನ ಮೇಲೆ ತಿಂಗಳು ಕಳೆದರೆ ಆಗುವ ಸವೆತಕ್ಕೆ ಪುಡಿಯನ್ನು ಬಯ್ಯಬಾರದು.

ಕಾರಟಗಿ ಕಡೆಯವನು. ನಾಟಿ, ಕೊಯ್ಲು ಬಂದ್ರೆ ಜಿಮ್ಮಿಗೆ ಹೋಗೋಕಾಗಲ್ಲ. ಎಷ್ಟು ಮಾಡಿದ್ರೆ ಮಸಲ್ ಉಳಿಯುತ್ತೆ?

ಕಟ್ಟುವುದಕ್ಕೆ ಬೇಕಾದಷ್ಟು ಕೆಲಸ ಉಳಿಸಿಕೊಳ್ಳುವುದಕ್ಕೆ ಬೇಡ. ವಾರಕ್ಕೆ ಒಂದೆರಡು ದಿನ, ಪ್ರತಿ ಭಾಗಕ್ಕೂ ಎರಡು ಮೂರು ಸೆಟ್ ಸಾಕು. ಆದರೆ ಭಾರ ಇಳಿಸಬಾರದು. ಸೆಟ್ ಕಡಿಮೆ ಮಾಡಿ, ದಿನ ಕಡಿಮೆ ಮಾಡಿ, ಎತ್ತುವ ತೂಕ ಮಾತ್ರ ಮೊದಲಿನದೇ ಇರಲಿ. ಹಾಗೆ ಮಾಡಿದರೆ ಒಂದೆರಡು ತಿಂಗಳು ಸ್ನಾಯುವಿಗೆ ಹೆಚ್ಚೇನೂ ಆಗುವುದಿಲ್ಲ, ಪುಡಿ ಇರಲಿ ಬಿಡಲಿ. ಪೂರ್ತಿ ನಿಲ್ಲಿಸಿದರೂ ಮೊದಲ ಎರಡು ಮೂರು ವಾರ ಶಕ್ತಿ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಭತ್ತದ ಚೀಲ ಹೊರುವುದು ಬೆನ್ನು, ಕಾಲಿಗೆ ತಾಲೀಮೇ. ಎದೆಗೆ ಅಷ್ಟಿಲ್ಲ, ಗದ್ದೆ ಬದುವಿನ ಮೇಲೆ ನಾಲ್ಕು ಸೆಟ್ ದಂಡ ಹೊಡೆಯಿರಿ. ಗರಡಿಮನೆಯವರಿಗೆ ಇದನ್ನು ಹೇಳಬೇಕಾಗಿಲ್ಲ.

ನನ್ನ ಮಗ ಮೂರು ತಿಂಗಳಲ್ಲಿ ಹನ್ನೆರಡು ಕೆಜಿ ಏರಿದ್ದ, ಬಿಟ್ಟ ಮೇಲೆ ಅಷ್ಟೂ ಇಳಿದ. ಬರೀ ಕ್ರಿಯೇಟಿನ್ ತಗೊಂಡೆ ಅಂತಾನೆ. ತಾಯಿಯಾಗಿ ಏನು ತಿಳ್ಕೊಳ್ಳಲಿ?

ಅಮ್ಮಾ, ಬರೀ ಕ್ರಿಯೇಟಿನ್‌ನಿಂದ ಹನ್ನೆರಡು ಕೆಜಿ ಏರುವುದಿಲ್ಲ, ಹಾಗೆ ಇಳಿಯುವುದೂ ಇಲ್ಲ. ಜೊತೆಗೆ ಬೇರೇನೋ ಇತ್ತು. ಅದು ಮಾಸ್ ಗೇನರ್ ಇರಬಹುದು. ಅದು ಬಹುಪಾಲು ಸಕ್ಕರೆ, ಪಿಷ್ಟ. ತಿಂದಾಗ ಕೊಬ್ಬೂ ನೀರೂ ಸೇರಿ ಏರುತ್ತದೆ.

ಅಥವಾ ಸ್ಟೆರಾಯ್ಡ್ ಇಂಜೆಕ್ಷನ್ನು, ಮಾತ್ರೆ ಇರಬಹುದು. "ಬಿಟ್ಟರೆ ಮೈ ಇಳಿದು ಹೋಗುತ್ತದೆ" ಎಂಬ ಮಾತು ಸ್ಟೆರಾಯ್ಡಿಗೆ ಬಹುಮಟ್ಟಿಗೆ ನಿಜ. ಹೊರಗಿನ ಹಾರ್ಮೋನು ಬರುತ್ತಿರುವಾಗ ಮೈ ತನ್ನ ಟೆಸ್ಟೋಸ್ಟಿರೋನ್ ತಯಾರಿಯನ್ನು ನಿಲ್ಲಿಸುತ್ತದೆ. ಇಂಜೆಕ್ಷನ್ ನಿಂತ ದಿನ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ಮತ್ತೆ ಶುರುವಾಗಲು ತಿಂಗಳುಗಟ್ಟಲೆ ಹಿಡಿಯಬಹುದು, ಅಷ್ಟರಲ್ಲಿ ಸ್ನಾಯು ಇಳಿದು ಕೊಬ್ಬು ಏರುತ್ತದೆ. ಸ್ಟೆರಾಯ್ಡ್ ತಗೊಂಡ ಹುಡುಗರು ಮನೆಯವರ ಮುಂದೆ "ಕ್ರಿಯೇಟಿನ್" ಎನ್ನುವುದು ಹೊಸದಲ್ಲ. ಈ ಕಟ್ಟುಕಥೆ ಇಷ್ಟು ಗಟ್ಟಿಯಾಗಿ ಬೇರೂರಲು ಅದೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ಬೆನ್ನು, ಭುಜದ ಮೇಲೆ ಹೊಸದಾಗಿ ದಪ್ಪ ಮೊಡವೆ, ಮೊಲೆತೊಟ್ಟಿನ ಹಿಂದೆ ಗಂಟು ಅಥವಾ ನೋವು, ವೃಷಣ ಸಣ್ಣಗಾಗುವುದು, ಸಣ್ಣ ಮಾತಿಗೂ ಸಿಟ್ಟು, ಬಿಟ್ಟ ಮೇಲೆ ಮಂಕು ಇವು ಕಂಡರೆ ಬಯ್ಯದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹಾರ್ಮೋನ್ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಇದ್ಯಾವುದೂ ಇಲ್ಲದೆ ತೂಕ ಇಳಿಯುತ್ತಲೇ ಇದ್ದರೂ ತಡ ಮಾಡಬೇಡಿ. ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಸಕ್ಕರೆ ಪರೀಕ್ಷೆ. ಸಂಜೆ ಜ್ವರ, ಬಿಡದ ಕೆಮ್ಮು ಇದ್ದರೆ ಕಫ ಪರೀಕ್ಷೆ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಹೊರಗಿಂದ ಕ್ರಿಯೇಟಿನ್ ತಗೊಂಡ್ರೂ ಮೈ ತಾನೇ ಮಾಡೋದು ನಿಂತು ಹೋಗುತ್ತಲ್ಲ? ಸ್ಟೆರಾಯ್ಡ್ ತರಾನೇ ಆಯ್ತಲ್ಲ?

ಅರ್ಧ ಸರಿ. ಪುಡಿ ಬರುತ್ತಿರುವಾಗ ಮೈ ತನ್ನ ತಯಾರಿಯನ್ನು ತಗ್ಗಿಸುತ್ತದೆ. ಮೂತ್ರಪಿಂಡದಲ್ಲಿ ಮೊದಲ ಹೆಜ್ಜೆ ನಡೆಸುವ ಕಿಣ್ವ, ಕ್ರಿಯೇಟಿನ್ ಸಾಕಷ್ಟಿದೆ ಎಂದು ಕಂಡರೆ ಕಡಿಮೆ ತಯಾರಾಗುತ್ತದೆ. ಪುಡಿ ನಿಂತರೆ ಆ ತಡೆ ಹೋಗಿ ಕಿಣ್ವ ಮತ್ತೆ ಏರುತ್ತದೆ. ಇಲ್ಲಿ ಯಾವ ಗ್ರಂಥಿಯೂ ಮಲಗುವುದಿಲ್ಲ. ಜೊತೆಗೆ, ತಯಾರಿ ಚೇತರಿಸಿಕೊಳ್ಳುವ ಆ ವಾರಗಳಲ್ಲಿ ಸ್ನಾಯುವಿನಲ್ಲಿ ಹೆಚ್ಚುವರಿ ದಾಸ್ತಾನು ಇನ್ನೂ ಇರುತ್ತದೆ. ಅದಕ್ಕೇ ಮಟ್ಟ ಮೊದಲಿನಲ್ಲಿಗೆ ಬಂದು ನಿಲ್ಲುತ್ತದೆ.

ಇದೇ ಕಾರಣಕ್ಕೆ ದಿನಕ್ಕೆ ಒಂದೊಂದು ಗ್ರಾಂ ಇಳಿಸುತ್ತಾ ಬಿಡಬೇಕಾಗಿಯೂ ಇಲ್ಲ. ಇವತ್ತು ಡಬ್ಬಿ ಖಾಲಿಯಾದರೆ ಇವತ್ತೇ ನಿಲ್ಲಿಸಬಹುದು.

ಬಿಎಸ್ಸಿ ಓದಿದೀನಿ. ಅಮೈನೋ ಆಮ್ಲ ಕೊಬ್ಬಾಗಿ ಬದಲಾಗಬಹುದು ಅಂತ ಪುಸ್ತಕದಲ್ಲೇ ಇದೆ. ಮತ್ತೆ ಮಸಲ್ ಕೊಬ್ಬಾಗಲ್ಲ ಅಂತ ಹೆಂಗೆ ಹೇಳ್ತೀರಿ?

ಪುಸ್ತಕದಲ್ಲಿರುವುದು ಸರಿ. ದಾರಿ ಇದೆ. ಆ ದಾರಿಯಲ್ಲಿ ಎಷ್ಟು ಸಾಗಬಹುದು ಎಂದು ನೋಡಿ. ಮೊದಲ ಹುಡುಗ ಸ್ನಾಯುವಿನಲ್ಲಿ 600 ಗ್ರಾಂ ಕಳೆದುಕೊಂಡ. ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರು, ಐದರಲ್ಲಿ ಒಂದು ಪಾಲು ಪ್ರೋಟೀನು. ಅಂದರೆ 120 ಗ್ರಾಂ ಪ್ರೋಟೀನ್. ಗ್ರಾಮಿಗೆ 4 ಕ್ಯಾಲೊರಿಯಂತೆ 480 ಕ್ಯಾಲೊರಿ. ಅದರಲ್ಲಿ ಒಂದಿಷ್ಟೂ ಪೋಲಾಗದೆ, ಬೇರೆಲ್ಲೂ ಬಳಕೆಯಾಗದೆ ಕೊಬ್ಬಾಯಿತು ಎಂದರೂ, ಗ್ರಾಮಿಗೆ 9ರಂತೆ 53 ಗ್ರಾಂ ಕೊಬ್ಬು. ಹೊಟ್ಟೆಗೆ ಬಂದದ್ದು 2500 ಗ್ರಾಂ. ಉಳಿದದ್ದು ಸ್ನಾಯುವಿನಿಂದ ಬಂದಿರಲು ಸಾಧ್ಯವೇ ಇಲ್ಲ.

ನಿಜದಲ್ಲಿ ಆ 53 ಗ್ರಾಮೂ ಆಗುವುದಿಲ್ಲ. ಬಿಡುಗಡೆಯಾದ ಅಮೈನೋ ಆಮ್ಲಗಳನ್ನು ಮೈ ಬೇರೆ ಪ್ರೋಟೀನ್ ಕಟ್ಟಲು ಬಳಸುತ್ತದೆ, ಇಲ್ಲವೇ ಸುಟ್ಟು ಹಾಕುತ್ತದೆ. ಅದರಲ್ಲಿದ್ದ ಸಾರಜನಕ ಯೂರಿಯಾ ಆಗಿ ಮೂತ್ರಕ್ಕೆ ಹೋಗುತ್ತದೆ. ಕೊಬ್ಬಿಗೆ ಸಾರಜನಕ ಬೇಕಾಗಿಯೇ ಇಲ್ಲ.

ಇದನ್ನ ಯಾರಾದ್ರೂ ಪರೀಕ್ಷೆ ಮಾಡಿ ನೋಡಿದಾರಾ, ಇಲ್ಲ ನೀವೂ ಬಾಯಿಮಾತಲ್ಲೇ ಹೇಳ್ತೀರಾ?

ನೋಡಿದ್ದಾರೆ. ಸ್ವೀಡನ್ನಿನ ಎರಿಕ್ ಹುಲ್ಟ್‌ಮನ್ ಮತ್ತು ಜೊತೆಗಾರರು 1996ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಬುನಾದಿ. ತೊಡೆಯ ಸ್ನಾಯುವಿನಿಂದ ಸೂಜಿಯಲ್ಲಿ ಸಣ್ಣ ತುಣುಕು ತೆಗೆದು ನೇರವಾಗಿ ಅಳೆದರು. ದಿನಕ್ಕೆ 20 ಗ್ರಾಂ ಆರು ದಿನ ಕೊಟ್ಟಾಗ ಮಟ್ಟ ಸುಮಾರು 20 ಭಾಗ ಏರಿತು. ಆಮೇಲೆ ಏನೂ ಕೊಡದಿದ್ದವರಲ್ಲಿ ಸುಮಾರು 30 ದಿನಕ್ಕೆ ಮೊದಲಿನ ಮಟ್ಟಕ್ಕೆ ಬಂತು. ದಿನಕ್ಕೆ 2 ಗ್ರಾಂ ಮುಂದುವರಿಸಿದವರಲ್ಲಿ ಏರಿದ್ದು ಏರಿದಂತೆ ಉಳಿಯಿತು. ಹೀಗೆ ಮೊದಲ ದಿನಗಳಲ್ಲಿ ಜಾಸ್ತಿ ಕೊಡುವ ಲೋಡಿಂಗ್ ಇಲ್ಲದೆ ದಿನಕ್ಕೆ 3 ಗ್ರಾಂ 28 ದಿನ ಕೊಟ್ಟರೂ ಅದೇ ಮಟ್ಟ ಬಂತು. ದಿನಕ್ಕೆ ನಾಲ್ಕು ಸ್ಕೂಪ್ ಹಾಕಿ ಹೊಟ್ಟೆ ಕೆಡಿಸಿಕೊಳ್ಳುವವರು ಇದನ್ನು ಗಮನಿಸಬೇಕು.

ಬಿಟ್ಟ ಮೇಲೆ ಸ್ನಾಯು ಏನಾಗುತ್ತದೆ ಎಂದು ನೇರವಾಗಿ ನೋಡಿದ್ದು ಕೆನಡಾದಲ್ಲಿ, ವಯಸ್ಸಾದ ಗಂಡಸರ ಮೇಲೆ. 2004ರಲ್ಲಿ ಪ್ರಕಟವಾಯಿತು. ಕ್ರಿಯೇಟಿನ್ ನಿಲ್ಲಿಸಿ, ತಾಲೀಮನ್ನು ಕಡಿಮೆ ಮಟ್ಟದಲ್ಲಿ 12 ವಾರ ಮುಂದುವರಿಸಿದರು. ಮೊದಲು ಕ್ರಿಯೇಟಿನ್ ತಗೊಂಡಿದ್ದವರು ಶಕ್ತಿಯನ್ನಾಗಲಿ ಸ್ನಾಯುವನ್ನಾಗಲಿ ಬೇರೆಯವರಿಗಿಂತ ಬೇಗ ಕಳೆದುಕೊಳ್ಳಲಿಲ್ಲ. ಅದು ಚಿಕ್ಕ ಗುಂಪು, ಹರೆಯದ ಹುಡುಗರಲ್ಲ ಎಂಬ ಮಿತಿ ಇದೆ. ಆದರೂ ವಯಸ್ಸಾದವರಿಗೆ ಸ್ನಾಯು ಉಳಿಸಿಕೊಳ್ಳುವುದೇ ಕಷ್ಟ. ಅಂಥವರಿಗೇ ಆಗದ್ದು ಇಪ್ಪತ್ತರ ಹುಡುಗನಿಗೆ ಆಗುತ್ತದೆ ಎನ್ನಲು ಕಾರಣ ಕಾಣುವುದಿಲ್ಲ.

ಆರು ತಿಂಗಳು ಬಿಟ್ಟಿದ್ದೆ. ಮತ್ತೆ ಶುರು ಮಾಡಿದ್ರೆ ಮೊದಲಿಂದ ಕಟ್ಟಬೇಕಾ?

ದಾಸ್ತಾನು ತುಂಬಲು ಹೊಸಬರಿಗೆ ಹಿಡಿದಷ್ಟೇ ಕಾಲ. ದಿನಕ್ಕೆ 3ರಿಂದ 5 ಗ್ರಾಂ, ಮೂರು ನಾಲ್ಕು ವಾರ. ಸ್ನಾಯು ಮಾತ್ರ ಹೊಸಬರಿಗಿಂತ ಬೇಗ ಮರಳುತ್ತದೆ, ಒಮ್ಮೆ ಬೆಳೆದ ಸ್ನಾಯು ಎರಡನೇ ಸಲ ಬೇಗ ಬೆಳೆಯುತ್ತದೆ. ಮೊದಲ ವಾರಗಳಲ್ಲಿ ತೂಕ ಒಂದೂವರೆ ಕೆಜಿ ಏರಿದರೆ ಅದನ್ನು ಹೊಸ ಮಸಲ್ ಎಂದು ಬರೆದುಕೊಳ್ಳಬೇಡಿ. ಅದು ವಾಪಸ್ ಬಂದ ನೀರು.

ಪೊಲೀಸ್ ಭರ್ತಿಗೆ ತಯಾರಿ ಮಾಡ್ತಿದೀನಿ. ಮೆಡಿಕಲ್‌ಗೆ ಮೊದಲು ಬಿಡಬೇಕಾ?

ಓಟ ಇರುವವರಿಗೆ ಒಂದು ಕೆಜಿ ನೀರು ಹೊತ್ತು ಓಡುವುದು ಭಾರ ಅನ್ನಿಸಬಹುದು. ಹಾಗನ್ನಿಸಿದರೆ ಆರು ವಾರ ಮೊದಲು ನಿಲ್ಲಿಸಿ, ಹಿಂದಿನ ವಾರ ನಿಲ್ಲಿಸಿದರೆ ನೀರು ಇನ್ನೂ ಹೋಗಿರುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ನೋಡುವುದಾದರೆ ಪುಡಿಯಿಂದ ಅದು ಸ್ವಲ್ಪ ಜಾಸ್ತಿ ಕಾಣಬಹುದು, ಮೂತ್ರಪಿಂಡ ಚೆನ್ನಾಗಿದ್ದರೂ. ತಗೊಳ್ಳುತ್ತಿದ್ದೇನೆ ಎಂದು ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಮೂತ್ರಪಿಂಡದ ಕಾಯಿಲೆ ಮೊದಲೇ ಇರುವವರು ಅವರನ್ನು ಕೇಳದೆ ಶುರುವೇ ಮಾಡಬಾರದು.